ಕೆಮ್ಮಣ್ಣಿಗೆ ನೀಲಿ ಎಷ್ಟು?

ನನ್ನ ತಂಗಿಯ ಮಗಳು ಏಳನೇ ಕ್ಲಾಸು. ನಮ್ಮ ನಾಡಿನ ಯಾವುದಾದರೂ ಜನಪದ ಚಿತ್ರಕಲೆಯನ್ನು ರಟ್ಟಿನ ಮೇಲೆ ಬರೆದು ತರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಅವಳು ಆರಿಸಿಕೊಂಡದ್ದು ಮಲೆನಾಡಿನ ದೀವರ ಮನೆಗಳ ಹಸೆಗೋಡೆ ಚಿತ್ತಾರ. ಸಾಗರ, ಸೊರಬ, ಸಿದ್ದಾಪುರದ ಕಡೆ ಮದುವೆಯ ಹೊತ್ತಿಗೆ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯಾಗಿ ಬರೆಯುವ ಚಿತ್ರ ಅದು. ಗೆರೆಗಳನ್ನು ಹಾಕುವುದು ಅವಳಿಗೆ ಕಷ್ಟವಿರಲಿಲ್ಲ. ಸಿಕ್ಕಿಹಾಕಿಕೊಂಡದ್ದು ನೆಲದ ಬಣ್ಣದಲ್ಲಿ.

"ದೊಡ್ಡಮ್ಮಾ, ಈ ಬಾಕ್ಸಲ್ಲಿ ಮಣ್ಣಿನ ಬಣ್ಣಾನೇ ಇಲ್ಲ" ಎಂದು ಬಂದು ನಿಂತಳು. ಆರು ಪುಟ್ಟ ಬಾಟಲಿಗಳ ಪೋಸ್ಟರ್ ಕಲರ್ ಡಬ್ಬಿ. ಹಳದಿ, ಕೆಂಪು, ನೀಲಿ, ಹಸಿರು, ಕಪ್ಪು, ಬಿಳಿ. ಅಷ್ಟರಲ್ಲಾಗಲೇ ಅವಳ ಪ್ರಯೋಗಗಳು ನಡೆದಿದ್ದವು. ಕೆಂಪಿಗೆ ಕಪ್ಪು ಬೆರೆಸಿದ್ದಳು. ಅದು ತಂಗಳು ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತ್ತು. ಅದನ್ನು ಸರಿಮಾಡಲು ಹಳದಿ ಸುರಿದಿದ್ದಳು, ಸಗಣಿಯಾಯಿತು. ಕೊನೆಗೆ ಬಿಳಿ ಹಾಕಿದಾಗ ಸಿಮೆಂಟಿನ ಮೇಲೆ ಕುಂಕುಮ ಚೆಲ್ಲಿದಂತಾಗಿ, ಕಣ್ಣಲ್ಲಿ ನೀರು.

ಮಾಸಿದ ಬಣ್ಣ ಬೇಕೆಂದರೆ ಕಪ್ಪು ಹಾಕಬೇಕು ಎಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ನಂಬಿದ್ದಾರೆ. ಬಣ್ಣ ಕಪ್ಪಾಗುವುದು ಬೇರೆ, ಮಾಸುವುದು ಬೇರೆ. ಕಪ್ಪು ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಮಸಿ. ಅದು ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ನುಂಗುತ್ತದೆ. ಸಾಲದ್ದಕ್ಕೆ, ತೆಳುವಾಗಿ ಬೆರೆತಾಗ ಅದರಲ್ಲಿ ಅಡಗಿರುವ ನೀಲಿ ಛಾಯೆ ಹೊರಗೆ ಬರುತ್ತದೆ. ಹಳದಿಗೆ ಕಪ್ಪು ಬೆರೆಸಿದರೆ ಪಾಚಿಹಸಿರು ಬರುವುದು ಇದರಿಂದಲೇ. ಕಿತ್ತಳೆ ಬಣ್ಣಕ್ಕೆ ಕಪ್ಪು ಬೆರೆಸಿ ಕಂದು ತರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅದು ಹೊಗೆ ಹಿಡಿದ ಗೋಡೆಯ ಕಂದು. ಮಳೆ ನಿಂತ ಮೇಲೆ ಬಿಸಿಲು ಬಿದ್ದ ಮಣ್ಣಿನಲ್ಲಿ ಇರುವ ಕಾವು ಅದರಲ್ಲಿ ಇರುವುದಿಲ್ಲ.

ಹಾಗಾದರೆ ಕೆಮ್ಮಣ್ಣೆಂದರೆ ಯಾವ ಬಣ್ಣ? ಕಾಮನಬಿಲ್ಲಿನಲ್ಲಿ ಹುಡುಕಿದರೆ ಕಂದು ಸಿಗುವುದಿಲ್ಲ. ಕಂದು ಎನ್ನುವುದು ತಗ್ಗಿದ ಕಿತ್ತಳೆ, ಅಷ್ಟೆ. ಕಿತ್ತಳೆಯನ್ನು ಕೆಂಪಿನ ಕಡೆಗೆ ಎಳೆದು ತಗ್ಗಿಸಿದರೆ ಕೆಮ್ಮಣ್ಣು, ಹಳದಿಯ ಕಡೆಗೆ ಎಳೆದು ತಗ್ಗಿಸಿದರೆ ಹೊಲದ ಒಣಮಣ್ಣು. ತಗ್ಗಿಸುವ ಕೆಲಸವನ್ನು ಕಿತ್ತಳೆಯ ಎದುರಾಳಿ ಬಣ್ಣಕ್ಕೆ ಒಪ್ಪಿಸಬೇಕು. ಆ ಎದುರಾಳಿ ನೀಲಿ. ಹಳದಿ ಮತ್ತು ಕೆಂಪು ಸೇರಿ ಹಿಂದಕ್ಕೆ ಕಳಿಸುವ ಬೆಳಕಿನಲ್ಲಿ ಒಂದಷ್ಟನ್ನು ನೀಲಿ ನುಂಗಿಹಾಕುತ್ತದೆ. ನೀಲಿಯ ಪಾಲು ಸಣ್ಣದಾಗಿದ್ದರೆ ಉಳಿಯುವ ಬೆಳಕು ಕಡಿಮೆಯಾದರೂ ಕಿತ್ತಳೆಯದೇ ಆಗಿರುತ್ತದೆ. ಆಗ ಬಣ್ಣದ ಅಬ್ಬರ ಇಳಿಯುತ್ತದೆ, ಕಾವು ಉಳಿಯುತ್ತದೆ.

ಮಕ್ಕಳ ಬಣ್ಣದ ಡಬ್ಬಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಇಂಥ ಡಬ್ಬಿಗಳಲ್ಲಿ ಹಳದಿ ಎಂದರೆ ಹೆಚ್ಚಾಗಿ ಲೆಮನ್ ಯೆಲ್ಲೋ, ಅಂದರೆ ಹಸಿರಿನ ಕಡೆ ವಾಲಿದ ನಿಂಬೆ ಹಳದಿ. ಕೆಂಪು ಎಂದರೆ ಕ್ರಿಮ್ಸನ್, ಅಂದರೆ ನೇರಳೆಯ ಕಡೆ ವಾಲಿದ ಕೆಂಪು. ಇವೆರಡನ್ನೂ ಬೆರೆಸಿ ಝಗಮಗಿಸುವ ಕಿತ್ತಳೆ ಮಾಡಲು ಹೊರಟವರು ಸೋಲುತ್ತಾರೆ. ಎರಡರಲ್ಲೂ ಮೂರನೆಯ ಬಣ್ಣವಾದ ನೀಲಿಯ ಸುಳಿವು ಮೊದಲೇ ಇರುವುದರಿಂದ ಹುಟ್ಟುವಾಗಲೇ ಕಿತ್ತಳೆ ಸ್ವಲ್ಪ ಮಂಕಾಗಿರುತ್ತದೆ. ದೀಪಾವಳಿಯ ಹಣತೆಯ ಚಿತ್ರಕ್ಕೆ ಇದು ಕೊರತೆ. ನಮ್ಮ ಕೆಲಸಕ್ಕೆ ಮಾತ್ರ ಅರ್ಧ ದಾರಿ ನಡೆದುಕೊಟ್ಟ ಹಾಗೆ. ಡಬ್ಬಿಯ ಕೆಂಪು ಸ್ಕಾರ್ಲೆಟ್ ಆಗಿದ್ದರೆ, ಅಂದರೆ ಕೇಸರಿಯ ಕಡೆ ವಾಲಿದ್ದರೆ, ನೀಲಿ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಕೆಲಸ ಶುರುಮಾಡುವ ಮೊದಲು ಅಂಗಳದಿಂದ ಒಂದು ಒಡೆದ ಹಂಚಿನ ಚೂರು ತಂದಿಟ್ಟುಕೊಂಡೆವು. ಎದುರಿಗೆ ಒಂದು ಮಾದರಿ ಇಲ್ಲದಿದ್ದರೆ ಬೆರೆಸುತ್ತಾ ಹೋದಂತೆ ಕಣ್ಣು ಎಲ್ಲವನ್ನೂ ಒಪ್ಪಿಕೊಳ್ಳತೊಡಗುತ್ತದೆ. ಬಿಳಿ ಪಿಂಗಾಣಿ ತಟ್ಟೆಯಲ್ಲಿ ಐಸ್‌ಕ್ರೀಂ ಕಡ್ಡಿಯ ತುದಿಯನ್ನೇ ಅಳತೆಯಾಗಿ ಹಿಡಿದು ಆರು ಪಾಲು ಹಳದಿ ಹಾಕಿದಳು. ಹಳದಿ ಮೊದಲು ಬರಬೇಕು, ಏಕೆಂದರೆ ಅದು ಮೆದು. ಕೆಂಪಿನ ರಾಶಿಗೆ ಹಳದಿ ಹಾಕುತ್ತಾ ಹೋದರೆ ಅರ್ಧ ಬಾಟಲಿ ಖಾಲಿಯಾದರೂ ಕೆಂಪು ಜಗ್ಗುವುದಿಲ್ಲ. ಹಳದಿಯ ರಾಶಿಗೆ ಕೆಂಪನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಬಣ್ಣ ನಮ್ಮ ಮಾತು ಕೇಳುತ್ತದೆ. ಎರಡು ಪಾಲು ಕೆಂಪಿಗೆ ಹಣ್ಣಾದ ಸಿಹಿಗುಂಬಳದ ಬಣ್ಣ ಬಂತು, ಮೂರನೆಯ ಪಾಲಿಗೆ ಟೊಮೆಟೊ. ಅಲ್ಲಿಗೆ ನಿಲ್ಲಿಸಿದೆವು.

ಇನ್ನು ನೀಲಿ. ಅವಳ ಡಬ್ಬಿಯಲ್ಲಿದ್ದದ್ದು ಪ್ರಷ್ಯನ್ ಬ್ಲೂ. ನೀಲಿಗಳಲ್ಲಿ ಅದು ಭಾರಿ ಜೋರಿನದು. ಕಡ್ಡಿಯ ತುದಿಯಷ್ಟು ಹಾಕಿದರೂ ಎಲ್ಲ ಮುಳುಗಿಹೋಗುತ್ತದೆ. ಅದಕ್ಕೇ ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯನ್ನು ನೀಲಿಯಲ್ಲಿ ಅದ್ದಿ ತೆಗೆದು ಬೆರೆಸಿದೆವು. ಒಂದು ಸಲ ಅದ್ದಿದ್ದಕ್ಕೆ ಹೊಸ ಇಟ್ಟಿಗೆಯ ಬಣ್ಣ. ಎರಡನೆಯದಕ್ಕೆ ಹಂಚಿನ ಹತ್ತಿರ. ಮೂರನೆಯದಕ್ಕೆ ಕಾಫಿಪುಡಿ. ಪ್ರತಿ ಹಂತದಲ್ಲೂ ಒಂದು ಮಚ್ಚೆಯನ್ನು ಡ್ರಾಯಿಂಗ್ ಹಾಳೆಯ ತುಂಡಿನ ಮೇಲೆ ಬಳಿದು ಪಕ್ಕದಲ್ಲಿ ಎಷ್ಟು ಸಲ ಎಂದು ಪೆನ್ಸಿಲ್ಲಿನಲ್ಲಿ ಬರೆಸಿದೆ. ನೀಲಿಗೆ ಹೆದರುವವರು ಅದರ ಬದಲು ಡಬ್ಬಿಯ ಹಸಿರನ್ನು ಬಳಸಬಹುದು. ಹಸಿರಿನೊಳಗೂ ನೀಲಿ ಇದೆ, ಜೊತೆಗೆ ಹಳದಿಯೂ ಇದೆ. ಹಾಗಾಗಿ ಅದು ಮೆಲ್ಲಗೆ ತಗ್ಗಿಸುತ್ತದೆ, ಕೈತಪ್ಪುವ ಭಯ ಕಡಿಮೆ.

ಕೈ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಎಲ್ಲಿ ತಪ್ಪಿತು ಎಂದು ಹೇಳಲು ಹಂಚಿನ ಚೂರು ಬೇಕೇ ಬೇಕು. ಅದರ ಪಕ್ಕದಲ್ಲಿ ಮಚ್ಚೆ ನೇರಳೆಯಂತೆ ಕಂಡರೆ ಹಳದಿ ಸಾಲದು. ಪಾಚಿಯಂತೆ ಕಂಡರೆ ಕೆಂಪು ಸಾಲದು. ಇನ್ನೂ ಕಣ್ಣು ಕುಕ್ಕುತ್ತಿದ್ದರೆ ನೀಲಿ ಸಾಲದು. ತೀರಾ ಕಪ್ಪಾದರೆ ಮಾತ್ರ ಎಲ್ಲರ ಕೈಯೂ ಬಿಳಿಯ ಬಾಟಲಿಗೆ ಹೋಗುತ್ತದೆ. ಹೋಗಬಾರದು. ಹಳದಿ ಕೆಂಪು ಬೆರೆಸಿ ಹೊಸದಾಗಿ ಸ್ವಲ್ಪ ಕಿತ್ತಳೆ ಮಾಡಿ ಅದನ್ನು ಸೇರಿಸಬೇಕು. ಬಿಳಿ ಹಾಕಿದರೆ ಕೆಮ್ಮಣ್ಣು ಗುಲಾಬಿಯಾಗುತ್ತದೆ. ಮೈ ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಷನ್ ನೋಡಿದ್ದೀರಲ್ಲ? ಬೆಳ್ಳಗಿನ ಸತುವಿನ ಪುಡಿಗೆ ಚೂರೇ ಚೂರು ಕಬ್ಬಿಣದ ಆಕ್ಸೈಡ್ ಸೇರಿ ಅದಕ್ಕೆ ಆ ಗುಲಾಬಿ ಬಂದಿದೆ. ನಮ್ಮ ಕೆಮ್ಮಣ್ಣನ್ನು ಕೆಂಪಾಗಿಸಿರುವುದೂ ಅದೇ ಕಬ್ಬಿಣದ ಆಕ್ಸೈಡ್.

ಅರ್ಧ ಗಂಟೆ ಬಿಟ್ಟು ಮಚ್ಚೆಗಳನ್ನು ನೋಡಿದಾಗ ಹುಡುಗಿ ಮತ್ತೆ ಮುಖ ಸಣ್ಣ ಮಾಡಿದಳು. ಹಸಿಯಿದ್ದಾಗ ಹಂಚಿಗೆ ಹೊಂದುತ್ತಿದ್ದ ಎರಡನೆಯ ಮಚ್ಚೆ ಒಣಗಿ ತುಸು ಪೇಲವವಾಗಿತ್ತು, ಮೇಲೆ ಧೂಳು ಕೂತ ಹಾಗೆ. ಪೋಸ್ಟರ್ ಕಲರಿನ ಗಾಢ ಬಣ್ಣಗಳ ಸ್ವಭಾವವೇ ಅದು: ಒಣಗಿದಾಗ ತಿಳಿಯಾಗುತ್ತವೆ. ಅಕ್ರಿಲಿಕ್ ಇದಕ್ಕೆ ತಿರುಗಾ ಮುರುಗಾ, ಒಣಗಿದಾಗ ಗಾಢವಾಗುತ್ತದೆ. ಯಾವುದೇ ಆಗಲಿ, ತಟ್ಟೆಯಲ್ಲಿರುವ ಹಸಿ ಬಣ್ಣ ನೋಡಿ ತೀರ್ಮಾನಿಸಬಾರದು. ರಾತ್ರಿಯ ದೀಪದ ಕೆಳಗೆ ನೋಡಿಯೂ ತೀರ್ಮಾನಿಸಬಾರದು. ಹಳದಿ ಬಲ್ಬು ಎಲ್ಲ ಬಣ್ಣಕ್ಕೂ ತನ್ನದೊಂದು ಪಾಲು ಸೇರಿಸುತ್ತದೆ. ನಾವು ಮಚ್ಚೆ ಮತ್ತು ಹಂಚನ್ನು ಮರುದಿನ ಬೆಳಿಗ್ಗೆ ಕಿಟಕಿಯ ಹತ್ತಿರ ಇಟ್ಟು ನೋಡಿದೆವು.

ನೀಲಿಯನ್ನು ಎರಡು ಮತ್ತು ಮೂರರ ನಡುವೆ ನಿಲ್ಲಿಸಬೇಕಿತ್ತು ಎಂದು ಅವಳ ವಾದ. ನಾನು ಎರಡರಲ್ಲೇ ಇರಲಿ ಎಂದೆ. ಈ ನೆಲದ ಮೇಲೆ ಬಿಳಿ ಗೆರೆಗಳು ಒತ್ತೊತ್ತಾಗಿ ಬರಲಿವೆ. ಬಿಳಿಯ ಪಕ್ಕದಲ್ಲಿ ಯಾವ ಬಣ್ಣವೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ನಂಬದೆ, ಎರಡನೆಯ ಮಚ್ಚೆಯ ಮೇಲೆ ನಾಲ್ಕು ಬಿಳಿ ಗೆರೆ ಎಳೆದು ನೋಡಿ, ಆಮೇಲೆ ಒಪ್ಪಿದಳು.

ಆಮೇಲಿನದು ದೊಡ್ಡ ಅಳತೆ. ಎ3 ಹಾಳೆಯಷ್ಟು ರಟ್ಟಿಗೆ ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿದ್ದಳು. ಎರಡು ಸಲ ಬಳಿಯಲು ಎರಡು ಟೀ ಚಮಚ ಹಳದಿ, ಒಂದು ಚಮಚ ಕೆಂಪು ತೆಗೆದುಕೊಂಡೆವು. ನೀಲಿಯನ್ನು ಮಾತ್ರ ಲೆಕ್ಕ ಹಾಕಿ ಸುರಿಯಲಿಲ್ಲ. ಬೆಂಕಿಕಡ್ಡಿಯ ತುದಿಗೆ ಒಮ್ಮೆ ಹೆಚ್ಚು ಅಂಟುತ್ತದೆ, ಒಮ್ಮೆ ಕಡಿಮೆ. ಆ ತಪ್ಪು ದೊಡ್ಡ ಅಳತೆಯಲ್ಲಿ ದೊಡ್ಡದಾಗುತ್ತದೆ. ಅದಕ್ಕೆ ಚೂರು ಚೂರೇ ಬೆರೆಸುತ್ತಾ ಒಣ ಮಚ್ಚೆಯ ಜೊತೆ ಹೊಸ ಒಣ ಮಚ್ಚೆಯನ್ನು ಹೋಲಿಸುತ್ತಾ ಹೋದೆವು. ಎಲ್ಲವನ್ನೂ ಒಂದೇ ಸಲ ಬೆರೆಸಿಟ್ಟುಕೊಳ್ಳಬೇಕು. ಅರ್ಧ ಬಳಿದ ಮೇಲೆ ಬಣ್ಣ ಮುಗಿದರೆ ಎರಡನೆಯ ಸಲ ಅದೇ ಬಣ್ಣ ಬರುವುದು ನನ್ನ ಕೈಯಲ್ಲಂತೂ ಇದುವರೆಗೆ ಆಗಿಲ್ಲ. ನೀರೂ ಅಷ್ಟೇ, ಬಾಳೆಹಣ್ಣಿನ ರಸಾಯನದಷ್ಟು ಹದಕ್ಕೆ ಸಾಕು. ಹೆಚ್ಚು ನೀರಾದರೆ ಕೆಳಗಿನ ಬಿಳಿ ಹಾಳೆ ಇಣುಕಿ ಬಣ್ಣ ತೆಳುವಾಗುತ್ತದೆ.

ಮೊದಲ ಸಲ ಅಡ್ಡಡ್ಡ ಬಳಿದು, ಪೂರ್ತಿ ಒಣಗಿದ ಮೇಲೆ ಎರಡನೆಯ ಸಲ ಉದ್ದುದ್ದ. ಎರಡನೆಯ ಸಲ ಬ್ರಷ್ಷನ್ನು ಉಜ್ಜಿದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಪೋಸ್ಟರ್ ಕಲರ್ ಒಣಗಿದರೂ ನೀರು ತಾಗಿದೊಡನೆ ಕರಗುತ್ತದೆ. ಬಿಳಿ ಗೆರೆ ಎಳೆಯುವಾಗ ಪೆಟ್ಟು ಬೀಳುವುದು ಇಲ್ಲೇ. ಬಿಳಿ ನೀರಾಗಿದ್ದರೆ, ಅಥವಾ ಎಳೆದ ಗೆರೆಯ ಮೇಲೆ ಮತ್ತೆ ಬ್ರಷ್ ಆಡಿಸಿದರೆ, ಕೆಮ್ಮಣ್ಣು ಎದ್ದು ಬಿಳಿಗೆ ಸೇರಿ ಗೆರೆ ಗುಲಾಬಿಯಾಗುತ್ತದೆ. ಗಟ್ಟಿ ಬಿಳಿ, ಒಂದೇ ಎಳೆತ. ಹಾಗೂ ಅವಳ ಮೂಲೆಯೊಂದರಲ್ಲಿ ಮೂರು ಗೆರೆ ಕ್ಯಾಲಮೈನ್ ಆದವು. ಒಣಗಲು ಬಿಟ್ಟು, ನೆಲದ ಬಣ್ಣದಿಂದಲೇ ಅವನ್ನು ಮುಚ್ಚಿ, ಮತ್ತೆ ಎಳೆದಳು.

ಅದಕ್ಕೇ ಹೇಳುವುದು, ರಟ್ಟು ಶಾಲೆಗೆ ಹೋಗುವ ತನಕ ಉಳಿದ ಬಣ್ಣವನ್ನು ತೊಳೆದು ಚೆಲ್ಲಬೇಡಿ. ಮುಚ್ಚಳ ಬಿಗಿಯಾಗಿರುವ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿಡಿ, ಮೇಲೆ ಪಾಲು ಬರೆದ ಚೀಟಿ ಅಂಟಿಸಿ.