ಹೊಸ ಸಾಲವಿಲ್ಲದೆಯೂ ಏರುವ ಅನುಪಾತ

ಒಂದು ಕಂಪನಿ 100 ಕೋಟಿ ರೂಪಾಯಿ ಹಾಕಿ ಕಾರ್ಖಾನೆ ಕಟ್ಟಿದೆ, ಬಡ್ಡಿ ಕಳೆಯುವ ಮೊದಲು ವರ್ಷಕ್ಕೆ 15 ಕೋಟಿ ಗಳಿಸುತ್ತದೆ ಎನ್ನೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಅಷ್ಟೂ ಹಣ ಷೇರುದಾರರದ್ದೇ ಆಗಿದ್ದರೆ ಅವರ ಪಾಲಿಗೆ ಶೇ. 15ರ ಪ್ರತಿಫಲ. ಅದರ ಬದಲು ಷೇರುದಾರರು 40 ಕೋಟಿ ಮಾತ್ರ ಹಾಕಿ, ಉಳಿದ 60 ಕೋಟಿಯನ್ನು ಬ್ಯಾಂಕು ಶೇ. 10ರ ಬಡ್ಡಿಗೆ ಕೊಟ್ಟಿದ್ದರೆ? ಬಡ್ಡಿಗೆ 6 ಕೋಟಿ ಹೋಗಿ 9 ಕೋಟಿ ಉಳಿಯುತ್ತದೆ. 40 ಕೋಟಿಗೆ 9 ಕೋಟಿ ಎಂದರೆ ಶೇ. 22.5. ಕಾರ್ಖಾನೆ ಅದೇ, ಮಾರಾಟವೂ ಅಷ್ಟೇ. ಶೇ. 10ಕ್ಕೆ ತಂದ ಹಣ ಶೇ. 15 ದುಡಿದಿದೆ, ಆ ಹೆಚ್ಚುವರಿಯೆಲ್ಲ ಷೇರುದಾರರಿಗೆ ಸೇರಿದೆ.

ಮರುವರ್ಷ ವ್ಯಾಪಾರ ಬಿದ್ದು ಗಳಿಕೆ 5 ಕೋಟಿಗೆ ಇಳಿಯಿತು. ಸಾಲವಿಲ್ಲದ ಕಂಪನಿ ಆಗಲೂ ಶೇ. 5 ಗಳಿಸುತ್ತದೆ. ಸಾಲವಿರುವ ಕಂಪನಿ ಮಾತ್ರ 6 ಕೋಟಿ ಬಡ್ಡಿ ಕಟ್ಟಲೇಬೇಕು, 1 ಕೋಟಿ ನಷ್ಟ.

ಸಾಲವನ್ನು ಷೇರುದಾರರ ಬಂಡವಾಳದಿಂದ ಭಾಗಿಸಿದರೆ ಸಾಲ-ಈಕ್ವಿಟಿ ಅನುಪಾತ ಸಿಗುತ್ತದೆ. ಇಲ್ಲಿ 60 ಭಾಗ 40, ಅಂದರೆ 1.5. ಷೇರುದಾರರ ಬಂಡವಾಳ ಎಂದರೆ ಅವರು ಹಾಕಿದ ಹಣದ ಜೊತೆಗೆ ಕಂಪನಿಯಲ್ಲೇ ಉಳಿದ ಲಾಭವೂ ಸೇರಿದ್ದು. ನಷ್ಟವಾದರೆ ಅದು ಕಳೆಯುವುದೂ ಇಲ್ಲಿಂದಲೇ. ಹೀಗಾಗಿ ನಷ್ಟ ಸೇರುತ್ತಾ 10 ಕೋಟಿಯಾದರೆ ಬಂಡವಾಳ 30 ಕೋಟಿಗೆ ಇಳಿದು, ಒಂದು ರೂಪಾಯಿ ಹೊಸ ಸಾಲ ಮಾಡದೆಯೂ ಅನುಪಾತ 2ಕ್ಕೆ ಏರುತ್ತದೆ. ಬ್ಯಾಂಕು ಆಗ ಹಿಂಜರಿಯುತ್ತದೆ ಅಥವಾ ಹೆಚ್ಚು ಬಡ್ಡಿ ಕೇಳುತ್ತದೆ. ನನಗೆ ಸಾಲದ ಮೊತ್ತಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಈ ಸುಳಿ.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೇ ಸುಳಿಗೆ ಸಿಕ್ಕಿತು. 2005ರಲ್ಲಿ ಹಾರಾಟ ಆರಂಭಿಸಿದ ಅದು ಒಂದು ವರ್ಷವೂ ಲಾಭ ಕಾಣಲಿಲ್ಲ. ನಷ್ಟದಲ್ಲಿದ್ದ ಏರ್ ಡೆಕ್ಕನ್ ಅನ್ನೂ ಕೂಡಿಸಿಕೊಂಡಿತು. 2008ರಲ್ಲಿ ಕಚ್ಚಾತೈಲದ ಬೆಲೆ ಗಗನಕ್ಕೇರಿತು. ನಷ್ಟ ಬಂಡವಾಳವನ್ನೆಲ್ಲ ನುಂಗಿ, ಅದು ಸೊನ್ನೆಗಿಂತ ಕೆಳಗಿಳಿಯಿತು. ಬಂಡವಾಳ ಋಣವಾದ ಮೇಲೆ ಈ ಅನುಪಾತಕ್ಕೆ ಅರ್ಥವೇ ಇರುವುದಿಲ್ಲ; ಅಂಥ ಕಡೆ ಬರುವ ಚಿಕ್ಕ ಅಥವಾ ಋಣ ಸಂಖ್ಯೆಯನ್ನು ಕಂಡು ಸಾಲ ಕಡಿಮೆ ಎಂದುಕೊಳ್ಳಬಾರದು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಭಾಗವನ್ನು, ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬೆಲೆಯಲ್ಲಿ, ಷೇರುಗಳಾಗಿ ಪರಿವರ್ತಿಸಿಕೊಂಡವು. ಪುಸ್ತಕದಲ್ಲಿ ಸಾಲ ಇಳಿಯಿತು, ಆದರೆ ಟಿಕೆಟ್ ಮಾರಿ ಬರುವ ಹಣ ಖರ್ಚಿಗೆ ಸಾಲುತ್ತಿರಲಿಲ್ಲ. 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನಿಂತವು.

ಆದ್ದರಿಂದ ಷೇರು ಕೊಳ್ಳುವವರು ಅನುಪಾತದ ಪಕ್ಕದಲ್ಲೇ ಇನ್ನೊಂದನ್ನು ನೋಡಬೇಕು: ಬಡ್ಡಿಗೆ ಮುಂಚಿನ ಗಳಿಕೆ ಬಡ್ಡಿಯ ಎಷ್ಟು ಪಟ್ಟಿದೆ? ನಮ್ಮ ಕಾರ್ಖಾನೆಯಲ್ಲಿ ಮೊದಲ ವರ್ಷ 15 ಭಾಗ 6, ಅಂದರೆ ಎರಡೂವರೆ ಪಟ್ಟು. ಮರುವರ್ಷ ಒಂದಕ್ಕಿಂತ ಕಡಿಮೆ. ವಿದ್ಯುತ್ ಸಾಗಣೆಯಂಥ ಸ್ಥಿರ ಆದಾಯದ ಕಂಪನಿಗೆ 2ರ ಅನುಪಾತ ಹೊರೆಯಲ್ಲ. ತೈಲದ ಬೆಲೆಯ ಜೊತೆ ಏರಿಳಿಯುವ ವಿಮಾನ ಕಂಪನಿಗೆ 1 ಕೂಡ ಭಾರವಾಗಬಹುದು.