ಬಾರದ ಅಂಕಿಗಳಿಂದ ಆಗುವ ಉಳಿತಾಯ

ಲಿಫ್ಟಿನಲ್ಲಿ ಮಹಡಿ ತೋರಿಸುವ ಅಂಕಿ ಏಳು ಗೆರೆಗಳಿಂದ ಮೂಡುತ್ತದೆ. ಎಡಬದಿಯ ಕೆಳಗಿನ ಗೆರೆಯ ಹೆಸರು `e`. ಅದು 0, 2, 6, 8ಕ್ಕೆ ಮಾತ್ರ ಹೊತ್ತಿಕೊಳ್ಳಬೇಕು. ಅಂಕಿ ಬರುವುದು A, B, C, D ಎಂಬ ನಾಲ್ಕು ತಂತಿಗಳ ಮೂಲಕ. ಅವುಗಳ ಬೆಲೆ ಕ್ರಮವಾಗಿ 8, 4, 2, 1. ತಂತಿಯಲ್ಲಿ ಕರೆಂಟಿದ್ದರೆ 1, ಇಲ್ಲದಿದ್ದರೆ 0.

ಎರಡು ಎಂದರೆ `A'B'CD'`, ಆರು ಎಂದರೆ `A'BCD'`. ಮೇಲಿನ ಚುಕ್ಕೆಗೆರೆ ಇದ್ದರೆ ಆ ತಂತಿ 0 ಎಂದು ಓದಿಕೊಳ್ಳಿ. ಇವೆರಡರ ನಡುವೆ ವ್ಯತ್ಯಾಸ B ಒಂದರಲ್ಲೇ. ಹೇಗಿದ್ದರೂ ಗೆರೆ ಹೊತ್ತುವುದರಿಂದ B ಬೇಕಿಲ್ಲ, `A'CD'` ಸಾಕು. ಬೂಲಿಯನ್ ಬೀಜಗಣಿತದ ಸರಳೀಕರಣವೆಲ್ಲ ಹೆಚ್ಚುಕಡಿಮೆ ಇಷ್ಟೇ. ಕಷ್ಟವಿರುವುದು ಇಂಥ ಜೋಡಿಗಳನ್ನು ಹುಡುಕುವುದರಲ್ಲಿ. ಅದನ್ನು ಕಣ್ಣಿಗೇ ಬಿಟ್ಟುಕೊಡುವ ಕೋಷ್ಟಕವನ್ನು ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ 1953ರಲ್ಲಿ ಪ್ರಕಟಿಸಿದರು:

```
AB\CD  00  01  11  10
00      1   0   0   1
01      0   0   0   1
11      X   X   X   X
10      1   0   X   X
```

ತಲೆಸಾಲು ನೋಡಿ: 01 ಆದಮೇಲೆ 10 ಅಲ್ಲ, 11. ಹೀಗಿದ್ದರೆ ಮಾತ್ರ ಅಕ್ಕಪಕ್ಕದ ಮನೆಗಳಲ್ಲಿ ಒಂದೇ ತಂತಿ ಬದಲಾಗುತ್ತದೆ. ವಿದ್ಯಾರ್ಥಿಗಳು ಎಡವುವುದು ಬಹುಪಾಲು ಇಲ್ಲೇ. ಕೋಷ್ಟಕದ ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳಅಂಚಿಗೆ ನೆರೆಯಾದ್ದರಿಂದ ನಾಲ್ಕು ಮೂಲೆಗಳೂ ಒಂದೇ ಗುಂಪಾಗಬಲ್ಲವು. ಗುಂಪು 1, 2, 4, 8 ಹೀಗೆ ಇಮ್ಮಡಿ ಲೆಕ್ಕದಲ್ಲೇ ಇರಬೇಕು. ದೊಡ್ಡದಾದಷ್ಟೂ ಅಕ್ಷರಗಳು ಉದುರುತ್ತವೆ.

ಇನ್ನು ಆ X ಗುರುತು. ನಾಲ್ಕು ತಂತಿಗಳಲ್ಲಿ 15ರವರೆಗೆ ಹೇಳಬಹುದಾದರೂ ನಮ್ಮ ಅಂಕಿಗಳು 9ಕ್ಕೇ ಮುಗಿಯುತ್ತವೆ. ಉಳಿದ ಆರು ಮನೆಗಳು ಡೋಂಟ್ ಕೇರ್: ಗೆರೆ ಹೊತ್ತಲಿ ಬಿಡಲಿ, ನಮಗೇನೂ ಇಲ್ಲ. ಅವನ್ನೆಲ್ಲ 0 ಎಂದು ಹಿಡಿದರೆ ಸಿಗುವ ಅತಿ ಚಿಕ್ಕ ಸೂತ್ರ ಇದು:

```
e = B'C'D' + A'CD'
```

ಈಗ 10ನೆಯ ಮನೆಯ X ಅನ್ನು 1 ಎಂದುಕೊಳ್ಳಿ. ನಾಲ್ಕು ಮೂಲೆಗಳು ಸೇರಿ `B'D'` ಆಗುತ್ತದೆ. 14ನೆಯದನ್ನೂ 1 ಮಾಡಿದರೆ ಬಲತುದಿಯ ಕಂಬಸಾಲು ಪೂರ್ತಿ ಸೇರಿ `CD'`.

```
e = B'D' + CD'
```

ಆರು ಅಕ್ಷರ ನಾಲ್ಕಕ್ಕಿಳಿಯಿತು. ಅದಕ್ಕಿಂತ ಹೆಚ್ಚಾಗಿ, A ತಂತಿಯನ್ನು ಈ ಗೆರೆಗೆ ಎಳೆಯುವ ಕೆಲಸವೇ ತಪ್ಪಿತು. ಉಳಿದ ನಾಲ್ಕು X ಗಳಿಂದ ಲಾಭವಿಲ್ಲ, ಅವು 0 ಆಗಿಯೇ ಇರಲಿ. X ಇದೆ ಎಂದು ಎಲ್ಲವನ್ನೂ ಗುಂಪಿಗೆ ಎಳೆದುಕೊಳ್ಳುವುದು ಬರೀ ದಂಡ.

ಆದರೆ ಸರ್ಕಿಟ್ ಮಾಡಿದ ಮೇಲೆ X ಎಂಬುದು ಉಳಿಯುವುದಿಲ್ಲ. ಪ್ರತಿ ಮನೆಯೂ 0 ಅಥವಾ 1 ಆಗಿಬಿಟ್ಟಿರುತ್ತದೆ. ಸ್ವಿಚ್ ಹಾಕಿದ ಕ್ಷಣ ಕೌಂಟರಿನಲ್ಲಿ 10 ಕೂತಿದ್ದರೆ ನಮ್ಮ ಗೆರೆ ಹೊತ್ತೇ ಹೊತ್ತುತ್ತದೆ. ಹಳೆಯ 7447 ಚಿಪ್‌ಗೆ 10ರಿಂದ 14ರವರೆಗಿನ ಸಂಖ್ಯೆ ಕೊಟ್ಟರೆ ಅರ್ಥವಿಲ್ಲದ ಆಕಾರಗಳು ಮೂಡುತ್ತವೆ, 15ಕ್ಕೆ ಎಲ್ಲ ಗೆರೆಗಳೂ ಆರುತ್ತವೆ. ಲಿಫ್ಟಿನ ಅಂಕಿ ಕ್ಷಣಕಾಲ ವಿಕಾರವಾದರೆ ನಷ್ಟವಿಲ್ಲ. ಅದೇ ಸರ್ಕಿಟ್ ಮೋಟರನ್ನು ಓಡಿಸುವಂತಿದ್ದರೆ, X ಬರೆಯುವ ಮುನ್ನ ಆ ಸಂಖ್ಯೆ ನಿಜಕ್ಕೂ ಬರುವುದೇ ಇಲ್ಲವೇ ಎಂದು ನೋಡಿಕೊಳ್ಳಿ. ಅನುಮಾನವಿದ್ದರೆ ಅಲ್ಲಿ ಮೋಟರ್ ನಿಲ್ಲುವ ಬೆಲೆಯನ್ನೇ ಬರೆಯಿರಿ.