ಖಾತೆಗೆ ಕಳ್ಳ ಹೊಕ್ಕ ಹೊತ್ತು

ಗೆಳತಿಯ ಜಿಮೇಲ್ ಖಾತೆಗೆ ಯಾರೋ ನುಗ್ಗಿದ್ದರು. ಇನ್‌ಬಾಕ್ಸ್‌ನಲ್ಲಿ ಎಚ್ಚರಿಕೆಯ ಸಂದೇಶವೇ ಇರಲಿಲ್ಲ. ನುಗ್ಗಿದವರು ಅದನ್ನು ಅಳಿಸಿಬಿಡುವುದುಂಟು. ಆದರೆ ರಿಕವರಿ ಇಮೇಲ್‌ಗೆ ಹೋಗಿದ್ದ ಪ್ರತಿ ಉಳಿದಿತ್ತು: ಮಾರ್ಚ್ 3, ರಾತ್ರಿ 2:14, ಹೊಸ ವಿಂಡೋಸ್ ಕಂಪ್ಯೂಟರ್. ಸಾಧನಗಳ ಪಟ್ಟಿಯಲ್ಲೂ ಅದೇ ಯಂತ್ರ, ಅದೇ ದಿನಾಂಕ. ಅದನ್ನು ಸೈನ್ ಔಟ್ ಮಾಡುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟೆವು.

ಅಲ್ಲಿಂದ ಹಿಂದಕ್ಕೆ ಹೋದೆವು. ಬ್ರೌಸರ್ ಹಿಸ್ಟರಿಯಲ್ಲಿ ಹಿಂದಿನ ಸಂಜೆ 7:40ಕ್ಕೆ ಕೊರಿಯರ್ ಹೆಸರಿನ ನಕಲಿ ಪುಟವಿತ್ತು. ಪಾಸ್‌ವರ್ಡ್ ಅಲ್ಲೇ ಟೈಪ್ ಮಾಡಿದ್ದಾಗಿ ಅವಳಿಗೆ ನೆನಪಾಯಿತು.

ಪಟ್ಟಿ ತೋರಿಸುವ ಊರನ್ನು ಮಾತ್ರ ನಂಬಬೇಡಿ. ಅದು ಐಪಿ ವಿಳಾಸದಿಂದ ಮಾಡಿದ ಅಂದಾಜು, ವಿಪಿಎನ್ ಬಳಸಿದರೆ ಬದಲಾಗುತ್ತದೆ. ಹೊಸ ಸಾಧನವೇ ಕಾಣದಿದ್ದರೆ, ಖಾತೆಗೆ ಅನುಮತಿ ಪಡೆದಿರುವ ಆ್ಯಪ್‌ಗಳನ್ನು ನೋಡಬೇಕು.